ಮುಗಿದ ಹೊತ್ತು ಬರೆದಿಟ್ಟ ಮೇಲೆ ಸೊಪ್ಪು ಕೊಳೆಯುವುದು ಇಳಿಯಿತು

ಬೆಂಗಳೂರಿನ ಬಡಾವಣೆಯೊಂದರಲ್ಲಿ ನಮ್ಮದು ಸಣ್ಣ ತರಕಾರಿ ಅಂಗಡಿ. ಮಾಲು ಕಲಾಸಿಪಾಳ್ಯದ ಮಾರುಕಟ್ಟೆಯಿಂದ. ದಿನಕ್ಕೆ ಸುಮಾರು ಒಂಬತ್ತು ಸಾವಿರದ ಖರೀದಿಯಲ್ಲಿ ಆರೇಳು ನೂರು ರೂಪಾಯಿಯ ಮಾಲು ಹಸುವಿನ ಪಾಲಾಗುತ್ತಿತ್ತು. ಈಗ ಅದು ಇನ್ನೂರು, ಇನ್ನೂರೈವತ್ತಕ್ಕೆ ಇಳಿದಿದೆ. ಫ್ರಿಜ್ ತಂದಿಲ್ಲ, ಬದಲಾಗಿದ್ದು ರಾತ್ರಿ ಆರ್ಡರ್ ಬರೆಯುವ ಕ್ರಮ ಮಾತ್ರ. ಹತ್ತಕ್ಕೆ ಒಂದು ಕೊಳೆಯುವುದು ಈ ವ್ಯಾಪಾರದಲ್ಲಿ ಇದ್ದದ್ದೇ ಎಂದವರೇ ಈಗ ಲೆಕ್ಕದ ಪುಸ್ತಕ ತೋರಿಸಿ ಅನ್ನುತ್ತಾರೆ.

ಮೊದಲು ಮಾಡಿದ್ದು ಎಲ್ಲವನ್ನೂ ಕಾಲು ಭಾಗ ಕಡಿಮೆ ತರಿಸುವುದು. ಕೊಳೆತದ್ದು ಕಡಿಮೆಯಾಯಿತು ನಿಜ, ಆದರೆ ಸಂಜೆ ಕೊತ್ತಂಬರಿ ಸಿಗದ ಗಿರಾಕಿ ಬೀನ್ಸು, ಟೊಮೆಟೊ ಕೂಡ ಮುಂದಿನ ಅಂಗಡಿಯಲ್ಲೇ ಕೊಂಡರು. ಆಮೇಲೆ ವಾರದ ಸರಾಸರಿ ಹಿಡಿದೆ. ಭಾನುವಾರದ ಲೆಕ್ಕ ಮಂಗಳವಾರಕ್ಕೆ ಹೊಂದಲಿಲ್ಲ. ಎರಡು ತಿಂಗಳು ಹೀಗೇ ಹೋಯಿತು.

ತಪ್ಪು ಇದ್ದದ್ದು ಮಾರಾಟದ ಅಂಕಿಯಲ್ಲೇ. ನಲವತ್ತು ಕಟ್ಟು ತಂದು ನಲವತ್ತೂ ಖರ್ಚಾದರೆ ಅಂದಿನ ಬೇಡಿಕೆ ನಲವತ್ತೇ ಎಂದು ಹೇಳಲಾಗದು. ಅದನ್ನೇ ನಂಬಿ ಆರ್ಡರ್ ಕೊಟ್ಟರೆ ವಾರ ವಾರಕ್ಕೂ ಅಂಕಿ ಕೆಳಗಿಳಿಯುತ್ತದೆ, ಯಾಕೆಂದರೆ ತಂದದ್ದಕ್ಕಿಂತ ಹೆಚ್ಚು ಮಾರಲು ಸಾಧ್ಯವೇ ಇಲ್ಲ. ಅದಕ್ಕೆ ಪುಸ್ತಕದಲ್ಲಿ ತಂದದ್ದು, ಉಳಿದದ್ದು ಇವೆರಡರ ಪಕ್ಕ ‘ಮುಗಿದ ಹೊತ್ತು’ ಎಂದು ಇನ್ನೊಂದು ಕಾಲಂ ಹಾಕಿದೆ.

ಕೊತ್ತಂಬರಿಯ ಲೆಕ್ಕ ನೋಡಿ. ಹಿಂದಿನ ನಾಲ್ಕು ಮಂಗಳವಾರಗಳಲ್ಲಿ ಖರ್ಚಾದದ್ದು 36, 40, 41, 43 ಕಟ್ಟು. ಅದರಲ್ಲಿ 40 ಹೋದ ದಿನ ಸಂಜೆ ಏಳಕ್ಕೇ ಮುಗಿದಿತ್ತು. ನಮ್ಮಲ್ಲಿ ಏಳರ ಹೊತ್ತಿಗೆ ದಿನದ ವ್ಯಾಪಾರದ ಐದರಲ್ಲಿ ನಾಲ್ಕು ಭಾಗ ಆಗಿರುತ್ತದೆ, ಅಂದರೆ ಅಂದಿನ ನಿಜವಾದ ಬೇಡಿಕೆ 50ರ ಹತ್ತಿರ. ಈಗ ಸಾಲು 36, 41, 43, 50. ನಡುವಿನ ಎರಡರ ಮಧ್ಯದ್ದು 42. ಕೊತ್ತಂಬರಿ ಎಂಟಕ್ಕೆ ಬಂದು ಹದಿನೈದಕ್ಕೆ ಹೋಗುತ್ತದೆ. ಉಳಿದರೆ ಎಂಟು ರೂಪಾಯಿ ನಷ್ಟ, ಸಾಲದೆ ಬಂದರೆ ಏಳು ರೂಪಾಯಿ ಲಾಭ ಕೈತಪ್ಪುತ್ತದೆ. ಎರಡೂ ಹೆಚ್ಚುಕಡಿಮೆ ಸಮ, ಹಾಗಾಗಿ ನಡುವಿನ ಅಂಕಿ ಸರಿ. ಕೊತ್ತಂಬರಿಗೆಂದು ಬಂದವರು ಬೇರೆಯದನ್ನೂ ಕೊಳ್ಳುತ್ತಾರಾದ್ದರಿಂದ ಮೂರು ಸೇರಿಸಿ 45 ಬರೆಯುತ್ತೇನೆ.

ಪಾಲಕ್‌ಗೆ ಇದು ನಡೆಯದು. ಹತ್ತಕ್ಕೆ ತಂದು ಹದಿನೈದಕ್ಕೆ ಮಾರುವ ಮಾಲು ಮರುದಿನಕ್ಕೆ ಹಳದಿಯಾದರೆ ಒಂದು ಕಟ್ಟಿನ ನಷ್ಟಕ್ಕೆ ಎರಡು ಕಟ್ಟಿನ ಲಾಭ ಹೋಯಿತು. ಅದಕ್ಕೆ ನಾಲ್ಕರಲ್ಲಿ ಕೆಳಗಿನಿಂದ ಎರಡನೆಯ ಅಂಕಿ, ಮೇಲೆ ಒಂದೂ ಇಲ್ಲ. ಸಂಜೆ ಪಾಲಕ್ ಇಲ್ಲ ಅನ್ನಿಸಿಕೊಂಡರೂ ಚಿಂತೆಯಿಲ್ಲ. ಬೀನ್ಸು ಎರಡನೆಯ ದಿನ ಐದು ರೂಪಾಯಿ ಇಳಿಸಿದರೆ ಹೋಗುತ್ತದೆ, ಆದ್ದರಿಂದ ಅದಕ್ಕೆ ದೊಡ್ಡ ಅಂಕಿಯನ್ನೇ ಹಿಡಿದು, ರಾತ್ರಿ ತೂಗಿದಾಗ ಉಳಿದದ್ದರಲ್ಲಿ ಗಟ್ಟಿಯಾಗಿರುವುದನ್ನು ಮಾತ್ರ ಕಳೆಯಬೇಕು. ಬಾಡಿದ್ದನ್ನೂ ಸ್ಟಾಕ್ ಎಂದು ಕಳೆದರೆ ಮಧ್ಯಾಹ್ನಕ್ಕೇ ಬುಟ್ಟಿ ಖಾಲಿ. ಆಲೂಗಡ್ಡೆ, ಈರುಳ್ಳಿಗೆ ಈ ಲೆಕ್ಕ ಬೇಡ.

ಟೊಮೆಟೊದಲ್ಲಿ ಎಷ್ಟು ಅನ್ನುವುದಕ್ಕಿಂತ ಯಾವ ಹದ ಅನ್ನುವುದು ಮುಖ್ಯ. ಹದಿನೈದು ಕೆಜಿಯ ಕ್ರೇಟು ಎರಡು ಬೇಕಿದ್ದರೆ ಒಂದು ಹಣ್ಣು, ಒಂದು ದೋರೆಗಾಯಿ. ಎರಡೂ ಕೆಂಪಾದದ್ದೇ ಅಗ್ಗಕ್ಕೆ ಸಿಕ್ಕಿತೆಂದು ತಂದಾಗಲೆಲ್ಲ ಎರಡನೆಯ ದಿನ ಕ್ರೇಟಿನ ತಳದ ಸಾಲು ಒಡೆದು ಮೇಲಿನದಕ್ಕೂ ನೀರು ಹಿಡಿದಿದೆ. ದರ ಏರಿದಾಗ ಕೆಜಿ ಕೊಳ್ಳುವವರು ಕಾಲು ಕೆಜಿಗೆ ಇಳಿಯುತ್ತಾರೆ. ಅರವತ್ತು ದಾಟಿದರೆ ನಮ್ಮಲ್ಲಿ ಮೂವತ್ತು ಕೆಜಿ ಹೋಗುವ ಕಡೆ ಹದಿನೆಂಟೋ ಇಪ್ಪತ್ತೋ ಹೋಗುತ್ತದೆ, ಆಗ ಹಳೆಯ ಮಂಗಳವಾರಗಳನ್ನು ನಂಬಬಾರದು. ಅರ್ಧ ಮೂಟೆ, ಬೆರಕೆ ಹದ ಕೊಡಲು ಮಂಡಿಯವರನ್ನು ಹೇಗೆ ಒಪ್ಪಿಸಿದೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ನಡುವೆ ಒದ್ದೆ ಗೋಣಿ ಸುತ್ತಿ ಕೊತ್ತಂಬರಿಯನ್ನು ಮರುದಿನಕ್ಕೆ ಉಳಿಸಲು ನೋಡಿದೆ. ಹೊರಗೆ ಹಸಿರು, ಕಟ್ಟು ಬಿಚ್ಚಿದರೆ ನಡುವೆ ಎಲೆ ಕಪ್ಪಾಗಿ ಅಂಟಿಕೊಂಡಿತ್ತು. ಎಲೆಗೆ ನೀರು ತಾಗದೆ ಬೇರು ಮಾತ್ರ ಒಂದು ಇಂಚು ನೀರಿನಲ್ಲಿ ನಿಂತರೆ ಬೆಳಗಿನವರೆಗೆ ಬಾಳುತ್ತದೆ. ಬೇರು ಕತ್ತರಿಸಿ ಬಂದ ಮಾಲಿಗೆ ಅಷ್ಟು ಫಲವಿಲ್ಲ, ಹಾಗಾಗಿ ಆರ್ಡರ್ ಹೇಳುವಾಗಲೇ ಬೇರು ಸಮೇತ ಎಂದು ಹೇಳುತ್ತೇನೆ.

ಹಬ್ಬಕ್ಕೆ ಪುಸ್ತಕದ ಕೊನೆಯಲ್ಲಿ ಬೇರೆ ಹಾಳೆ ಇದೆ, ಹಿಂದಿನ ವರ್ಷದ ಅದೇ ಹಬ್ಬದ್ದು. ಆ ವಾರದ ಅಂಕಿಗಳನ್ನು ಮಾಮೂಲಿ ಸಾಲಿಗೆ ಸೇರಿಸುವುದಿಲ್ಲ, ಸೇರಿಸಿದರೆ ಮುಂದಿನ ನಾಲ್ಕು ವಾರ ಲೆಕ್ಕ ಕೆಡುತ್ತದೆ. ಆಯುಧ ಪೂಜೆಯ ಬೂದುಗುಂಬಳಕ್ಕೆ ಮಾತ್ರ ಕೈ ಬಿಗಿ ಹಿಡಿಯುವುದಿಲ್ಲ. ಚೆನ್ನಾಗಿ ಬಲಿತು ಮೈಮೇಲೆ ಬೂದಿ ಕೂತ, ತೊಟ್ಟು ಮುರಿಯದ ಕಾಯಿ ಆರಿಸಿ ತಂದರೆ ಉಳಿದದ್ದು ವಾರಗಟ್ಟಲೆ ಕೆಡುವುದಿಲ್ಲ, ಹೋಳು ಮಾಡಿ ಹುಳಿಗೆ ಮಾರಬಹುದು.