ಟೈಫಾಯ್ಡ್ ರಜೆ, ಮೂರು ಸರ್ಟಿಫಿಕೇಟ್ ಮತ್ತು ಲೆಕ್ಕಕ್ಕೆ ಸಿಗದ ನಾಲ್ಕು ದಿನ

ನಾನು ದಾವಣಗೆರೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಜುಲೈ 7, ಭಾನುವಾರ ಅಮ್ಮನನ್ನು ನೋಡಲು ಚನ್ನಗಿರಿ ಕಡೆಯ ನಮ್ಮೂರಿಗೆ ಹೋಗಿದ್ದೆ. ಅಲ್ಲೇ ಜ್ವರ ಬಂತು. ಸೋಮವಾರ ಬೆಳಗ್ಗೆ ಮ್ಯಾನೇಜರ್ ಸರ್‌ಗೆ ವಾಟ್ಸಾಪ್‌ನಲ್ಲಿ ತಿಳಿಸಿ ಊರಲ್ಲೇ ಉಳಿದೆ. ಆ ಮೆಸೇಜ್ ಆಮೇಲೆ ತುಂಬಾ ಕೆಲಸಕ್ಕೆ ಬಂತು. ಹೇಳದೆ ಗೈರಾಗಿಲ್ಲ ಅನ್ನುವುದಕ್ಕೆ ನನ್ನ ಬಳಿ ಇದ್ದ ದಾಖಲೆ ಅದೊಂದೇ.

ಮೊದಲ ಮೂರು ದಿನ, ಅಂದರೆ 8, 9, 10ರಂದು ಊರಿನಲ್ಲಿ ಎಲ್ಲರೂ ಹೋಗುವವರ ಹತ್ತಿರವೇ ಹೋದೆ. ಸೂಜಿ ಹಾಕಿದರು, ಮಾತ್ರೆ ಕೊಟ್ಟರು. ಕೇಳಿದಾಗ 'ಮೂರು ದಿನ ವಿಶ್ರಾಂತಿ ಬೇಕು' ಎಂದು ಲೆಟರ್‌ಹೆಡ್‌ನಲ್ಲಿ ಬರೆದೂ ಕೊಟ್ಟರು. ಅದರಲ್ಲಿ ನೋಂದಣಿ ಸಂಖ್ಯೆ ಇರಲಿಲ್ಲ. ನಾನು ಅದನ್ನು ಗಮನಿಸಲೇ ಇಲ್ಲ.

ಜ್ವರ ಇಳಿಯಲಿಲ್ಲ. 11ರಂದು ದಾವಣಗೆರೆಗೆ ಬಂದು ಒಬ್ಬ ಫಿಜಿಷಿಯನ್‌ಗೆ ತೋರಿಸಿದೆ. ರಕ್ತದ ಕಲ್ಚರ್ ಮಾಡಿಸಿದರು, ಟೈಫಾಯ್ಡ್ ಎಂದು ಗೊತ್ತಾಯಿತು. 11ರಿಂದ 20ರವರೆಗೆ ಹತ್ತು ದಿನ ವಿಶ್ರಾಂತಿ ಬೇಕೆಂದು ಸರ್ಟಿಫಿಕೇಟ್ ಕೊಟ್ಟರು. ಅವರು ಅದನ್ನು ಬರೆದ ಕ್ರಮ ನೋಡಿದ ಮೇಲೆ ಸರಿಯಾದ ಮೆಡಿಕಲ್ ಸರ್ಟಿಫಿಕೇಟ್ ಹೇಗಿರಬೇಕು ಎಂದು ನನಗೆ ತಿಳಿಯಿತು.

ಮೊದಲು ನನ್ನಿಂದ ಮೇಲ್ಗಡೆ ಸಹಿ ಹಾಕಿಸಿಕೊಂಡರು. ಮೈಮೇಲಿನ ಗುರುತು ಕೇಳಿದರು, ಬಲ ಮೊಣಕೈ ಹತ್ತಿರದ ಮಚ್ಚೆ ತೋರಿಸಿದೆ, ಅದನ್ನು ಬರೆದರು. ಕಾಯಿಲೆಯ ಹೆಸರು, ಯಾವ ದಿನದಿಂದ ಎಷ್ಟು ದಿನ ಕೆಲಸಕ್ಕೆ ಹೋಗಬಾರದು, ಪರೀಕ್ಷೆ ಮಾಡಿದ ತಾರೀಖು, ಅವರ ಸಹಿ, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಎಲ್ಲ ಇತ್ತು. ಒಂದು ರಿಜಿಸ್ಟರ್‌ನಲ್ಲಿ ವಿವರ ಬರೆದು, ಸರ್ಟಿಫಿಕೇಟ್‌ನ ಪ್ರತಿಯನ್ನೂ ಇಟ್ಟುಕೊಂಡರು. ಇದು ಅವರೊಬ್ಬರ ಪದ್ಧತಿಯಲ್ಲ. ವೈದ್ಯರ ನಡವಳಿಕೆಗೆ ಸಂಬಂಧಿಸಿದ 2002ರ ನಿಯಮಗಳಲ್ಲೇ ಹೀಗಿದೆ, ಸರ್ಟಿಫಿಕೇಟ್‌ನ ನಮೂನೆಯೂ ಅಲ್ಲೇ ಇದೆ.

ಹತ್ತು ದಿನ ಮುಗಿದರೂ ಸಂಜೆ ಹೊತ್ತು ಜ್ವರ ಬರುತ್ತಲೇ ಇತ್ತು. 21 ಭಾನುವಾರ. 22ರಂದು ಡಾಕ್ಟರ್ ಊರಲ್ಲಿರಲಿಲ್ಲ. 23ಕ್ಕೆ ಸಿಕ್ಕರು. ಔಷಧಿ ಬದಲಿಸಿದರು, 30ರವರೆಗೆ ವಿಶ್ರಾಂತಿ ಮುಂದುವರಿಸಲು ಎರಡನೇ ಸರ್ಟಿಫಿಕೇಟ್ ಬರೆಯಲು ಕೂತರು. '21ರಿಂದಲೇ ಹಾಕಿಬಿಡಿ ಸರ್' ಎಂದೆ. ಅವರು ಒಪ್ಪಲಿಲ್ಲ. 'ಇವತ್ತು ನೋಡಿದ್ದೇನೆ, ಇವತ್ತಿನ ತಾರೀಖೇ ಹಾಕುತ್ತೇನೆ. ನೋಡದ ದಿನ ನೋಡಿದೆ ಅಂತ ಬರೆದರೆ ಸುಳ್ಳು ಸರ್ಟಿಫಿಕೇಟ್ ಆಗುತ್ತದೆ, ನನ್ನ ನೋಂದಣಿಯೇ ಹೋಗಬಹುದು' ಎಂದರು. ಆಗ ಬೇಜಾರಾಯಿತು. ಆದರೆ ಅವರು ಹೇಳಿದ್ದೇ ಸರಿ.

ಬದಲಿಗೆ ಅವರು ಎರಡು ನಿಜವಾದ ಮಾತು ಸೇರಿಸಿದರು. ಒಂದು, 'ಇವರು ಜುಲೈ 11ರಿಂದ ಟೈಫಾಯ್ಡ್‌ಗೆ ನನ್ನ ಚಿಕಿತ್ಸೆಯಲ್ಲಿದ್ದಾರೆ, ಜ್ವರ ಪೂರ್ತಿ ಇಳಿದಿಲ್ಲ'. ಇನ್ನೊಂದು, 'ಜುಲೈ 7ರಿಂದ ಜ್ವರವಿತ್ತು ಎಂದು ರೋಗಿ ತಿಳಿಸಿದ್ದಾರೆ'. ಮೊದಲನೆಯದು ಅವರಿಗೇ ಗೊತ್ತಿರುವ ಸಂಗತಿ. ಎರಡನೆಯದು ನಾನು ಹೇಳಿದ್ದು, ಹಾಗೆಂದೇ ಬರೆದರು. ತಾರೀಖು ಹಿಂದೆ ಹಾಕಿಸುವ ಬದಲು ಇಂಥ ಸಾಲು ಕೇಳಿ ಬರೆಸಿಕೊಳ್ಳಿ. ಇದನ್ನು ಬರೆಯಲು ಯಾವ ಡಾಕ್ಟರಿಗೂ ಹೆದರಿಕೆಯಿಲ್ಲ.

ಆಫೀಸಿನ ಹೆಚ್ಆರ್ ಮೇಡಂ ಕ್ಯಾಲೆಂಡರ್ ಹಿಡಿದು ಒಂದೊಂದೇ ದಿನ ನೋಡಿದರು. ಹೊರಟ ದಿನದಿಂದ ಸೇರುವ ದಿನದವರೆಗೆ ಪ್ರತಿ ದಿನಕ್ಕೂ ಒಂದು ಚೀಟಿಯ ಆಧಾರ ಬೇಕು, ಅವರು ನೋಡುವುದು ಅಷ್ಟೇ. 8, 9, 10 ಮತ್ತು 22, ಈ ನಾಲ್ಕು ದಿನಕ್ಕೆ ಆಧಾರ ಇರಲಿಲ್ಲ. 22ನ್ನು 'ಚಿಕಿತ್ಸೆಯಲ್ಲಿದ್ದಾರೆ' ಎಂಬ ಸಾಲಿನ ಮೇಲೆ ಒಪ್ಪಿದರು. ಊರಿನ ಚೀಟಿಯನ್ನು ಮಾತ್ರ ಒಪ್ಪಲಿಲ್ಲ, ನೋಂದಣಿ ಸಂಖ್ಯೆ ಇಲ್ಲ ಎಂದರು. ಅದಕ್ಕೆ ನಾನು ವಾದ ಮಾಡಲಿಲ್ಲ. ಆ ಮೂರು ದಿನವನ್ನು ಗಳಿಕೆ ರಜೆಗೆ ಹಾಕಿ ಎಂದು ಅರ್ಜಿ ಕೊಟ್ಟೆ, ಹಾಕಿದರು.

ನಮ್ಮಂಥ ಕಡೆ ಕೆಲಸ ಮಾಡುವವರಿಗೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ಕಾಯಿಲೆಗೆಂದು ವರ್ಷಕ್ಕೆ 12 ದಿನದವರೆಗೆ ಸಂಬಳದ ರಜೆ ಇದೆ. ಭಾನುವಾರ ಬಿಟ್ಟರೆ ನಾನು ಕೆಲಸ ತಪ್ಪಿಸಿದ್ದು 20 ದಿನ. 12 ಸಿಕ್ ಲೀವ್, ಉಳಿದ 8 ಗಳಿಕೆ ರಜೆ. ಸಂಬಳ ಕಡಿತವಾಗಲಿಲ್ಲ. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದು ಇಎಸ್ಐ ಕಟ್ಟುವವರ ದಾರಿ ಬೇರೆ. ಅವರು ಇಎಸ್ಐ ಡಾಕ್ಟರಿಗೇ ತೋರಿಸಿ ಅಲ್ಲಿನ ಸರ್ಟಿಫಿಕೇಟ್ ತರಬೇಕು. ವಂತಿಗೆಯ ದಿನಗಳು ಸರಿಯಿದ್ದರೆ ಸರಾಸರಿ ಕೂಲಿಯ ನೂರಕ್ಕೆ 70ರಷ್ಟು ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಅಂಥವರು ಮೊದಲ ದಿನವೇ ಖಾಸಗಿ ಕ್ಲಿನಿಕ್‌ಗೆ ಹೋಗಿಬಿಟ್ಟರೆ ಆಮೇಲೆ ಕಷ್ಟ.

ಮ್ಯಾನೇಜರ್ ಸರ್ 'ಸರ್ಕಾರಿ ಆಸ್ಪತ್ರೆಯದೇ ಬೇಕು' ಎಂದರು. ನಾನು ನೇಮಕಾತಿ ಪತ್ರ ತೆಗೆದು ತೋರಿಸಿದೆ. ಅದರಲ್ಲಿ 'ನೋಂದಾಯಿತ ವೈದ್ಯರ ಪ್ರಮಾಣಪತ್ರ' ಎಂದಷ್ಟೇ ಇತ್ತು. ಅವರು ಸುಮ್ಮನಾದರು. ರಕ್ತದ ರಿಪೋರ್ಟ್‌ಗಳ ಜೆರಾಕ್ಸ್ ಕೂಡ ಕೇಳಿದರು. ಸರ್ಟಿಫಿಕೇಟ್‌ನಲ್ಲಿ ಕಾಯಿಲೆಯ ಹೆಸರು ಇದ್ದೇ ಇರುತ್ತದೆ, ಅದನ್ನು ಮುಚ್ಚಿಡಲು ಆಗದು. ಆದರೆ ರಿಪೋರ್ಟ್ ನನ್ನದು, ಅದನ್ನು ಕೊಡಲಿಲ್ಲ. 'ಅನುಮಾನ ಇದ್ದರೆ ನಿಮ್ಮ ಡಾಕ್ಟರ್ ಹತ್ತಿರ ಕಳಿಸಿ, ಹೋಗಿ ತೋರಿಸುತ್ತೇನೆ' ಎಂದೆ. ಹಾಗೆ ಕೇಳುವುದು ಕಂಪನಿಗೆ ತಪ್ಪಲ್ಲ, ಹೋಗಲು ನನಗೂ ಹಿಂಜರಿಕೆ ಇರಲಿಲ್ಲ. ಕಳಿಸಲಿಲ್ಲ.

ಇನ್ನು ಫಿಟ್‌ನೆಸ್. 23ರಂದೇ 'ಫಿಟ್‌ನೆಸ್ ಕೂಡ ಬರೆದುಕೊಡಿ, ಮತ್ತೆ ಬರೋದು ತಪ್ಪುತ್ತದೆ' ಎಂದು ಕೇಳಬೇಕೆಂದಿದ್ದೆ. ಅದು ಆಗುವ ಮಾತಲ್ಲ. ಗುಣವಾದ ಮೇಲೆ ಪರೀಕ್ಷೆ ಮಾಡಿಯೇ ಬರೆಯಬೇಕು. ನಾನು 30ರ ಸಂಜೆ ಹೋದೆ. ಐದು ದಿನದಿಂದ ಜ್ವರ ಇರಲಿಲ್ಲ, ಊಟ ಸೇರುತ್ತಿತ್ತು. 'ಪರೀಕ್ಷಿಸಿದ್ದೇನೆ, ಜುಲೈ 31ರಿಂದ ಕೆಲಸಕ್ಕೆ ಹಾಜರಾಗಲು ಸಮರ್ಥರು' ಎಂದು ಬರೆದರು. ವಿಶ್ರಾಂತಿ 30ಕ್ಕೆ ಮುಗಿಯಿತು, ಫಿಟ್ 31ರಿಂದ, ಸೇರಿದ್ದೂ 31ಕ್ಕೆ. ನಡುವೆ ಒಂದು ದಿನವೂ ಖಾಲಿ ಇಲ್ಲ. ಅದೇ ಡಾಕ್ಟರ್ ಹತ್ತಿರ ಹೋದದ್ದರಿಂದ ಮೂರೂ ಕಾಗದದಲ್ಲಿ ಕಾಯಿಲೆ, ಹೆಸರು, ಗುರುತು ಒಂದೇ ಥರ ಇದ್ದವು.

ನನಗೆ ಗೋಡೌನಿನ ಸ್ಟಾಕ್ ಎಣಿಸುವ ಕೆಲಸವೂ ಇದೆ, ಪೆಟ್ಟಿಗೆ ಎತ್ತಿಡಬೇಕಾಗುತ್ತದೆ. ಇದನ್ನು ಡಾಕ್ಟರಿಗೆ ಹೇಳಿದೆ. ಟೈಫಾಯ್ಡ್‌ನಲ್ಲಿ ಕರುಳಿಗೆ ಪೆಟ್ಟಾಗಿರುತ್ತದೆ, ಸದ್ಯ ಭಾರ ಎತ್ತಬೇಡಿ ಎಂದರು. ಬರೀ 'ಹಗುರ ಕೆಲಸ' ಎಂದು ಬರೆದಿದ್ದರೆ ಆಫೀಸಿನವರಿಗೆ ಗೊಂದಲವಾಗುತ್ತಿತ್ತು, ಫಿಟ್ಟೋ ಅಲ್ಲವೋ ಎಂದು. ಅದಕ್ಕೆ ಬಿಡಿಸಿ ಬರೆಯಿರಿ ಎಂದು ಕೇಳಿಕೊಂಡೆ. 'ಕೂತು ಮಾಡುವ ಕೆಲಸಕ್ಕೆ ಪೂರ್ತಿ ಸಮರ್ಥರು. ಆಗಸ್ಟ್ 14ರವರೆಗೆ ಭಾರ ಎತ್ತುವ ಕೆಲಸ ಬೇಡ' ಎಂದು ಬರೆದರು.

31ರ ಬೆಳಗ್ಗೆ ಕುರ್ಚಿಯಲ್ಲಿ ಕೂರುವ ಮೊದಲೇ ಮೂರೂ ಕಾಗದ ಕೊಟ್ಟು, ನನ್ನ ಜೆರಾಕ್ಸ್ ಪ್ರತಿಯ ಮೇಲೆ 'ಸ್ವೀಕರಿಸಿದೆ' ಎಂದು ಸೀಲು, ತಾರೀಖು ಹಾಕಿಸಿಕೊಂಡೆ. ಎರಡು ವಾರ ಗೋಡೌನಿಗೆ ಬೇರೆ ಹುಡುಗ ಹೋದ. ಆಗಸ್ಟ್ 15 ರಜೆ. 16ಕ್ಕೆ ಹೋಗಿ, 'ಗೋಡೌನಿಗೆ ಹೋಗಲು ಇನ್ನೊಂದು ಸರ್ಟಿಫಿಕೇಟ್ ಬೇಕಾ ಮೇಡಂ?' ಎಂದು ಕೇಳಿದೆ. ಅವರು ಫೈಲ್ ತೆಗೆದು ನೋಡಿದರು. 'ತಾರೀಖು ಇದರಲ್ಲೇ ಇದೆಯಲ್ವಾ, ಬೇಡ' ಎಂದು ಗೋಡೌನಿನ ಕೀ ಕೊಟ್ಟರು.