ಅಡ್ಡ ಹಿಡಿದರೆ ಕಪ್ಪಾಗುತ್ತಿದ್ದ ಫೋನ್‌ಗೆ 12 ರೂಪಾಯಿಯ ಮದ್ದು

ಗಾಳ ಹಾಕುವವರಿಗೆ ಪೋಲರೈಸ್ಡ್ ಕನ್ನಡಕದ ಬೆಲೆ ನಾನು ಹೇಳಬೇಕಾಗಿಲ್ಲ. ಬೆಂಡಿನ ಮೇಲೇ ಬಿಸಿಲು ಕುಣಿಯುತ್ತಿದ್ದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ನಾನು ಬರೆಯುತ್ತಿರುವುದು ಬೇರೆ ತಲೆನೋವಿನ ಬಗ್ಗೆ. ಕನ್ನಡಕ ಹಾಕಿಕೊಂಡು ವಿಡಿಯೋ ಮಾಡೋಣ ಎಂದು ಫೋನ್ ಅಡ್ಡ ಹಿಡಿದರೆ ಪರದೆ ಪೂರ್ತಿ ಕಪ್ಪು. ನೆಟ್ಟಗೆ ಹಿಡಿದರೆ ಸರಿ. ಅಡ್ಡ ಹಿಡಿದರೆ ಮತ್ತೆ ಕತ್ತಲೆ.

ಮೊದಲು ಕನ್ನಡಕದ ಕಥೆ. ಹೋದ ವರ್ಷ ಫುಟ್‌ಪಾತ್‌ನಲ್ಲಿ 350 ರೂಪಾಯಿ ಕೊಟ್ಟು 'ಪೋಲರೈಸ್ಡ್' ಅಂತ ಸ್ಟಿಕರ್ ಇದ್ದದ್ದು ತಂದೆ. ಬರೀ ಕಪ್ಪು ಗಾಜು. ನೀರು ಮಬ್ಬಾಯಿತು, ಹೊಳಪು ಹಾಗೇ ಇತ್ತು. ಆಮೇಲೆ ಸುಮಾರು 1,800 ಕೊಟ್ಟು ಇನ್ನೊಂದು ತಂದೆ. ಈ ಸಲ ಅಂಗಡಿಯಲ್ಲೇ ಲ್ಯಾಪ್‌ಟಾಪ್ ಪರದೆ ಮುಂದೆ ಹಿಡಿದು ಒಂದು ಸುತ್ತು ತಿರುಗಿಸಿದೆ. ಎಲ್ಲೋ ಒಂದು ಕಡೆ ಪರದೆ ಕಪ್ಪಾದರೆ ಅಸಲಿ, ಎಷ್ಟು ತಿರುಗಿಸಿದರೂ ಒಂದೇ ಸಮ ಇದ್ದರೆ ನಕಲಿ. ಅಂಗಡಿಯವನ ಮುಖ ಸಣ್ಣದಾಗುವುದು ನೋಡಬೇಕು, ಎರಡು ಜೋಡಿ ಅಲ್ಲೇ ಫೇಲ್ ಆದವು.

ಅಸಲಿ ಕನ್ನಡಕವೂ ಎಲ್ಲ ಕಡೆ ಒಂದೇ ಥರ ಕೆಲಸ ಮಾಡುವುದಿಲ್ಲ. ನೀರಿನಿಂದ ಚಿಮ್ಮುವ ಬೆಳಕು ಹೆಚ್ಚಾಗಿ ಅಡ್ಡಡ್ಡ ಕಂಪಿಸುತ್ತದೆ. ಕನ್ನಡಕ ಅಡ್ಡದ್ದನ್ನು ತಡೆದು ಉದ್ದದ್ದನ್ನು ಬಿಡುತ್ತದೆ. ಆದರೆ ಪೂರ್ತಿ ಅಡ್ಡವಾಗುವುದು ಒಂದೇ ಕೋನದಲ್ಲಿ, ನೀರಿನ ಮೇಲ್ಮೈಯಿಂದ ಸುಮಾರು 37 ಡಿಗ್ರಿಯಲ್ಲಿ. ನನ್ನ ಲೆಕ್ಕ ಸುಲಭ: ಕಣ್ಣು ನೀರಿನಿಂದ ಎಷ್ಟು ಎತ್ತರದಲ್ಲಿದೆಯೋ, ಅದಕ್ಕೆ ಮೂರನೇ ಒಂದು ಪಾಲು ಸೇರಿಸಿದಷ್ಟು ದೂರ. ದಡದಲ್ಲಿ ನಿಂತರೆ ನನ್ನ ಕಣ್ಣು 1.6 ಮೀಟರ್ ಮೇಲೆ, ಅಂದರೆ ಎರಡು ಮೀಟರ್ ಆಚೆಯ ನೀರು ಚೆನ್ನಾಗಿ ಕಾಣುತ್ತದೆ. ಏರಿ ಮೇಲೆ ನಿಂತು ಮೂರು ಮೀಟರ್ ಎತ್ತರವಾದರೆ ನಾಲ್ಕು ಮೀಟರ್ ಆಚೆ. ಅಲ್ಲೇ ಜಿಲೇಬಿ ಮೀನು ತೋಡಿದ ಗುಂಡಿಗಳು ತಟ್ಟೆ ಇಟ್ಟ ಹಾಗೆ ಕಂಡವು. ಹತ್ತು ಮೀಟರ್ ದೂರಕ್ಕೆ ನೋಡಿದರೆ ಹೊಳಪು ಕಡಿಮೆಯಾಗುತ್ತದೆ ಅಷ್ಟೇ, ಹೋಗುವುದಿಲ್ಲ. ಇನ್ನು ನಮ್ಮ ಊರಿನ ಕೆರೆಗಳ ಪಾಚಿ ಹಸಿರಿಗೆ ಯಾವ ಕನ್ನಡಕವೂ ಏನೂ ಮಾಡಲಾರದು. ಗುಂಡಿ ಕಂಡ ಹೊಂಡ ಯಾವುದು ಅಂತ ಮಾತ್ರ ಕೇಳಬೇಡಿ.

ಆ ಗುಂಡಿಗಳ ವಿಡಿಯೋ ಮಾಡಲು ಹೋದಾಗಲೇ ಫೋನ್ ಕಪ್ಪಾಗಿದ್ದು. ರಿಪೇರಿ ಅಂಗಡಿಯವನು ಫೋನನ್ನು ಆ ಕಡೆ ಈ ಕಡೆ ತಿರುಗಿಸಿ, "ಸಾರ್, ಡಿಸ್‌ಪ್ಲೇ ಹೋಗ್ತಾ ಇದೆ, ಆರೂವರೆ ಸಾವಿರ ಆಗುತ್ತೆ" ಎಂದ. ನಮ್ಮ ಭಾವ ಅದಕ್ಕೆ ತಾಳ ಹಾಕಿದರು. ನನ್ನ ಕನ್ನಡಕವನ್ನೇ ಹಾಕಿಕೊಂಡು ತಮ್ಮ ಫೋನನ್ನು ಅಡ್ಡ, ಉದ್ದ ತಿರುಗಿಸಿ, "ನಂದು ಸರಿಯಾಗೇ ಇದೆಯಲ್ಲೋ, ನಿಂದೇ ಕೆಟ್ಟಿರೋದು" ಎಂದರು. ಕನ್ನಡಕ ತೆಗೆದರೆ ನನ್ನದೂ ಸರಿಯಾಗೇ ಇತ್ತು. ಅದು ಯಾರ ತಲೆಗೂ ಹೋಗಲಿಲ್ಲ.

ಕೆಟ್ಟಿರಲಿಲ್ಲ. ಎಲ್‌ಸಿಡಿ ಪರದೆ ಕೆಲಸ ಮಾಡುವುದೇ ಪೋಲರೈಸರ್ ಹಾಳೆಗಳ ನಡುವೆ. ಓಎಲ್‌ಇಡಿಯಲ್ಲೂ ಹೊರಗಿನ ಬೆಳಕು ಒಳಗೆ ಹೊಳೆಯದಿರಲಿ ಎಂದು ಮೇಲೊಂದು ಹಾಳೆ ಇರುತ್ತದೆ. ಹಾಗಾಗಿ ಪರದೆಯ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತಾ ಹೊರಗೆ ಬರುತ್ತದೆ. ನನ್ನ ಫೋನಿನದು ಉದ್ದುದ್ದ. ಅಡ್ಡ ಹಿಡಿದರೆ ಅದೂ ಅಡ್ಡವಾಗುತ್ತದೆ, ಕನ್ನಡಕ ಅದನ್ನೂ ಹೊಳಪು ಎಂದೇ ತಿಳಿದು ತಡೆಯುತ್ತದೆ.

ಬಾಗಿಲಿಗೆ ಅಡ್ಡ ನಿಂತವನನ್ನು ಸ್ವಲ್ಪ ತಿರುಗಿಸಿದರೆ ಒಳಗೆ ಬರುತ್ತಾನೆ, ಅಲ್ವಾ? ಪರದೆ ಮೇಲೆ ಬೆಳಕನ್ನು ತಿರುಚುವ ಹಾಳೆ ಹಾಕಬೇಕು ಅನ್ನಿಸಿತು. ಎಳೆದು ಹಿಗ್ಗಿಸಿ ಮಾಡಿದ ಪ್ಲಾಸ್ಟಿಕ್ ಹಾಳೆಗಳಿಗೆ ಆ ಗುಣ ಇದೆ. ಎಸ್.ಪಿ. ರೋಡಿನಿಂದ ಟೆಂಪರ್ಡ್ ಗ್ಲಾಸ್ ತಂದು ಹಾಕಿದೆ, 200 ರೂಪಾಯಿ ನೀರುಪಾಲು. ಗಾಜು ಏನೂ ತಿರುಚಲಿಲ್ಲ. ಗಿಫ್ಟ್ ಸುತ್ತುವ ಪಾರದರ್ಶಕ ಹಾಳೆ ಹಾಕಿದೆ. ಪರದೆ ಬೆಳಗಿತು! ಆದರೆ ಎಲ್ಲರ ಮುಖವೂ ಅರಿಶಿನ ಹಚ್ಚಿದ ಹಾಗೆ ಹಳದಿ, ಫೋನ್ ಸ್ವಲ್ಪ ತಿರುಗಿಸಿದರೆ ನೇರಳೆ. ತೆಳು ಹಾಳೆ ಕೆಲವು ಬಣ್ಣಗಳನ್ನು ಮಾತ್ರ ಸರಿಯಾಗಿ ತಿರುಚುತ್ತದೆ. ದಪ್ಪ ಹಾಳೆಯಲ್ಲಿ ಬಣ್ಣಗಳು ಕಲೆತು ಬಹುಪಾಲು ಬಿಳಿಯಾಗುತ್ತವೆ.

ದಪ್ಪ ಅಂದರೆ ಓಎಚ್‌ಪಿ ಶೀಟ್, ಪ್ರೊಜೆಕ್ಟರ್ ಮೇಲೆ ಇಟ್ಟು ತೋರಿಸುತ್ತಿದ್ದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಅವೆನ್ಯೂ ರೋಡಿನಲ್ಲಿ ಒಂದಕ್ಕೆ 12 ರೂಪಾಯಿಯೋ ಏನೋ ಕೊಟ್ಟೆ. ಮೊದಲ ಸಲ ಇಂಕ್‌ಜೆಟ್‌ನದು ತಂದು ಮೋಸ ಹೋದೆ, ಒಂದು ಬದಿ ತರಿತರಿ, ಅಕ್ಷರವೆಲ್ಲ ಮಂಜು. ಎರಡೂ ಬದಿ ನುಣುಪಾಗಿರುವ, ಜೆರಾಕ್ಸ್ ಮಾಡಲು ಕೊಡುವ ಶೀಟ್ ಬೇಕು.

ಈಗ ಮುಖ್ಯ ಕೆಲಸ. ಸುಮ್ನೆ ಫೋನ್ ಅಳತೆಗೆ ಕತ್ತರಿಸಿದರೆ ನಡೆಯುವುದಿಲ್ಲ, ನಾನು ನಾಲ್ಕು ಶೀಟ್ ಹಾಳು ಮಾಡಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಬಿಳಿ ಪುಟ ತೆರೆಯಿರಿ. ಅದು ಕಪ್ಪಾಗುವ ತನಕ ಕನ್ನಡಕ ತಿರುಗಿಸಿ, ಹಾಗೇ ಹಿಡಿದಿರಿ. ಈಗ ಪರದೆಗೂ ಕನ್ನಡಕಕ್ಕೂ ನಡುವೆ ಶೀಟ್ ತೂರಿಸಿ ನಿಧಾನ ತಿರುಗಿಸಿ. ಒಂದು ಕಡೆ ಶೀಟ್ ಇದ್ದರೂ ಕಪ್ಪು ಹಾಗೇ ಉಳಿಯುತ್ತದೆ. ಅಲ್ಲಿ ನಿಲ್ಲಿಸಿ, ಲ್ಯಾಪ್‌ಟಾಪ್ ಅಂಚಿಗೆ ಸಮವಾಗಿ, ಅಥವಾ ಕನ್ನಡಕವನ್ನು ಓರೆಯಾಗಿ ಹಿಡಿದಿದ್ದರೆ ಅದರ ಫ್ರೇಮಿಗೆ ಸಮವಾಗಿ, ಶೀಟ್ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಆ ಗೆರೆ ಫೋನಿನ ಉದ್ದದ ಅಂಚಿಗೆ 45 ಡಿಗ್ರಿ ಓರೆ ಬರುವಂತೆ ಕತ್ತರಿಸಬೇಕು. ಅಡಿಕೋಲಿನ ಜೊತೆ ಬರುವ ಮೂಲೆಮಟ್ಟ ಸಾಕು, ಐದು ಡಿಗ್ರಿ ಆಚೀಚೆ ಆದರೂ ಪರವಾಗಿಲ್ಲ. ಶೀಟಿನಿಂದ ಶೀಟಿಗೆ ಗೆರೆಯ ದಿಕ್ಕು ಬದಲಾಗುತ್ತದೆ, ಹಳೆಯ ಅಳತೆ ನಂಬಬೇಡಿ.

ಹಾಕಿದ ಮೇಲೆ ಫೋನ್ ಅಡ್ಡ ಹಿಡಿದರೂ ಉದ್ದ ಹಿಡಿದರೂ ಕಾಣುತ್ತದೆ. ಮಸುಕಾಗಿ ಗುಲಾಬಿ, ಹಸಿರು ಪಟ್ಟೆಗಳು ಉಳಿಯುತ್ತವೆ, ಬಿಸಿಲಲ್ಲಿ ಗಮನಕ್ಕೆ ಬರುವುದಿಲ್ಲ. ಟಚ್ ಕೆಲಸ ಮಾಡುತ್ತದೆ. ಪರದೆಯೊಳಗಿನ ಬೆರಳಚ್ಚು ಮಾತ್ರ ಓದಲಿಲ್ಲ, ಆ ಜಾಗದಲ್ಲಿ ಗುಂಡಗೆ ಕಿಂಡಿ ಕೊರೆದೆ. ಮೂಲೆಗಳನ್ನು ಗುಳ್ಳೆ ಇಲ್ಲದಂತೆ ಅಂಟಿಸಿದ್ದು ಹೇಗೆ ಎಂಬುದು ನನ್ನ ಹತ್ತಿರವೇ ಇರಲಿ.

ನಡುವೆ ಭಾವ ಒಂದು ಐಡಿಯಾ ಕೊಟ್ಟರು: "ಆ ಶೀಟನ್ನು ಕನ್ನಡಕಕ್ಕೇ ಅಂಟಿಸಿಬಿಡು, ಎಲ್ಲ ಫೋನಿಗೂ ಆಗುತ್ತೆ." ಅಂಟಿಸಿದೆ. ಫೋನ್ ಕಂಡಿತು. ಹೊಂಡಕ್ಕೆ ಹೋದರೆ ನೀರಿನ ಹೊಳಪೂ ಜೊತೆಗೇ ವಾಪಸ್! ಅಡ್ಡ ಬೆಳಕನ್ನೂ ಶೀಟ್ ತಿರುಚಿ ಒಳಗೆ ಬಿಡುತ್ತಿತ್ತು. ಅದೇ ಗುಂಗಿನಲ್ಲಿ ಕನ್ನಡಕ ಹಾಕಿಕೊಂಡೇ ಹೆಲ್ಮೆಟ್ ವೈಸರ್ ಒಳಗಿಂದ ಹೆಬ್ಬಾಳದ ಫ್ಲೈಓವರ್ ನೋಡಿದೆ, ಆಕಾಶದಲ್ಲೆಲ್ಲ ಕಾಮನಬಿಲ್ಲಿನ ಕಲೆಗಳು. ಅಚ್ಚಿನಲ್ಲಿ ಒತ್ತಿದ ಪ್ಲಾಸ್ಟಿಕ್ಕಿನ ಬಿಗಿತ ಹಾಗೆ ಕಾಣುವುದು. ಗಾಡಿ ಓಡಿಸುವಾಗ ಅದು ಚಂದ ಅಲ್ಲ.

ಇಷ್ಟಾದ ಮೇಲೆ ಭಾವ, "ನಂದಕ್ಕೂ ಒಂದು ಕತ್ತರಿಸಿಕೊಡೋ" ಎಂದು ಫೋನ್ ಮುಂದಿಟ್ಟರು. ಅವರದಕ್ಕೆ ಬೆಳಕನ್ನು ಸುರುಳಿಯಾಗಿಸುವ ಹಾಳೆ ಕಂಪನಿಯಲ್ಲೇ ಹಾಕಿರಬೇಕು, ಅದಕ್ಕೇ ಯಾವ ಕಡೆ ತಿರುಗಿಸಿದರೂ ಒಂದೇ ಸಮ. ಹೇಳಿದರೆ ಕೇಳಲಿಲ್ಲ. ಕತ್ತರಿಸಿ ಹಾಕಿದೆ. ಮೊದಲು ಇಲ್ಲದ ಗುಲಾಬಿ ಪಟ್ಟೆಗಳು ಬಂದು ಕೂತವು. ಎರಡು ದಿನ ಹಾಗೇ ಇಟ್ಟುಕೊಂಡಿದ್ದು, ಮೂರನೇ ದಿನ ಏನೂ ಮಾತಾಡದೆ ಕಿತ್ತು ಕೊಟ್ಟರು.