2×2 ಮ್ಯಾಟ್ರಿಕ್ಸ್‌ನ ಐಗನ್ ವೆಕ್ಟರ್: ನಾನು ಕೈಯಲ್ಲಿ ಲೆಕ್ಕ ಮಾಡುವ ರೀತಿ

ನಾನು ಗಣಿತ ಪಾಠ ಮಾಡುವವನು. ಐಗನ್ ವ್ಯಾಲ್ಯೂ ಲೆಕ್ಕವನ್ನು ಬೋರ್ಡ್ ಮೇಲೆ ಬಿಡಿಸುವುದು, ಉತ್ತರ ಪತ್ರಿಕೆಯಲ್ಲಿ ತಿದ್ದುವುದು ಎರಡೂ ನನ್ನ ನಿತ್ಯದ ಕೆಲಸ. 2×2 ಮ್ಯಾಟ್ರಿಕ್ಸ್ ಆದರೆ ವರ್ಗ ಸಮೀಕರಣ ಬಿಡಿಸುವವರೆಗೆ ಯಾರಿಗೂ ಅಷ್ಟು ತೊಂದರೆ ಆಗುವುದಿಲ್ಲ. ಅದಾದ ಮೇಲೆ ವೆಕ್ಟರ್ ತೆಗೆಯುವಾಗಲೇ ಗೊಂದಲ ಶುರು. ಆದರೆ ನನ್ನ ಪ್ರಕಾರ ಲೆಕ್ಕ ಸರಿಯಾಗಿದೆಯೋ ಇಲ್ಲವೋ ಅಂತ ತಿಳಿಯುವುದೂ ಅಲ್ಲೇ.

ಒಂದು ಮ್ಯಾಟ್ರಿಕ್ಸ್ ಇಟ್ಟುಕೊಂಡು ಪೂರ್ತಿ ಮಾಡಿ ತೋರಿಸುತ್ತೇನೆ.

```
A = | 7  -4 |
    | 2   1 |
```

ನಮಗೆ ಬೇಕಾಗಿರುವುದು Av = λv ಆಗುವಂಥ λ ಮತ್ತು ಸೊನ್ನೆಯಲ್ಲದ v. ಎಲ್ಲವನ್ನೂ ಒಂದು ಕಡೆಗೆ ತಂದರೆ (A − λI)v = 0. ಸೊನ್ನೆಯಲ್ಲದ v ಸಿಗಬೇಕಾದರೆ A − λI ನ ಡಿಟರ್ಮಿನೆಂಟ್ ಸೊನ್ನೆ ಆಗಲೇಬೇಕು. ಇಲ್ಲದಿದ್ದರೆ ಅದಕ್ಕೆ ವಿಲೋಮ ಇರುತ್ತದೆ, ಆಗ v = 0 ಒಂದೇ ಉತ್ತರ. ಆ ಡಿಟರ್ಮಿನೆಂಟನ್ನು ಬಿಡಿಸಿ ಬರೆದರೆ ಸಿಗುವುದೇ ಲಾಕ್ಷಣಿಕ ಬಹುಪದ.

ನಾನು ಪ್ರತಿ ಸಲ (7 − λ)(1 − λ) + 8 ಅಂತ ಬರೆದು ಗುಣಿಸುತ್ತಾ ಕೂರುವುದಿಲ್ಲ. 2×2 ರಲ್ಲಿ ಅದು ಯಾವಾಗಲೂ ಒಂದೇ ರೂಪದಲ್ಲಿ ಬರುತ್ತದೆ:

```
λ² − (a + d)λ + (ad − bc) = 0
```

ಮಧ್ಯದಲ್ಲಿರುವುದು ಕರ್ಣದ ಎರಡು ಸಂಖ್ಯೆಗಳ ಮೊತ್ತ, ಅದೇ ಟ್ರೇಸ್. ಕೊನೆಯದು ಡಿಟರ್ಮಿನೆಂಟ್. ನಮ್ಮ ಮ್ಯಾಟ್ರಿಕ್ಸ್‌ಗೆ ಟ್ರೇಸ್ 8, ಡಿಟರ್ಮಿನೆಂಟ್ 7·1 − (−4)·2 = 15. ಹಾಗಾಗಿ λ² − 8λ + 15 = 0. ಎರಡು ಮೂಲಗಳ ಮೊತ್ತ 8, ಗುಣಲಬ್ಧ 15. ನೋಡುತ್ತಲೇ 5 ಮತ್ತು 3 ಅಂತ ಹೊಳೆಯುತ್ತದೆ, ಅಲ್ವಾ? ಹೊಳೆಯದೇ ಹೋದರೂ ದೊಡ್ಡ ಸೂತ್ರ ಬೇಡ. ಟ್ರೇಸ್‌ನ ಅರ್ಧವನ್ನು m ಅನ್ನಿ, ಡಿಟರ್ಮಿನೆಂಟನ್ನು p ಅನ್ನಿ. ಮೂಲಗಳು m ± √(m² − p). ಇಲ್ಲಿ 4 ± √(16 − 15), ಅಂದರೆ 4 ± 1. ನಾನು ಹೆಚ್ಚಾಗಿ ಬಳಸುವುದು ಇದನ್ನೇ. ನಾಲ್ಕರಿಂದ ಗುಣಿಸು, ಎರಡರಿಂದ ಭಾಗಿಸು ಅನ್ನುವ ಗೋಜು ಇದರಲ್ಲಿಲ್ಲ.

ಈಗ ವೆಕ್ಟರ್. λ = 5 ಅನ್ನು ಕರ್ಣದಿಂದ ಮಾತ್ರ ಕಳೆಯಬೇಕು:

```
A − 5I = | 2  -4 |
         | 2  -4 |
```

ಮೊದಲ ಸಾಲು ಹೇಳುವುದು 2x − 4y = 0. ಎರಡನೆಯದೂ ಅದನ್ನೇ ಹೇಳುತ್ತದೆ. ಹೊಸಬರಿಗೆ ಇಲ್ಲಿ ಗಾಬರಿ ಆಗುತ್ತದೆ. ಎರಡು ಅಜ್ಞಾತಗಳಿಗೆ ಒಂದೇ ಸಮೀಕರಣ ಉಳಿಯಿತಲ್ಲ, ಎಲ್ಲೋ ತಪ್ಪಿದೆ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಹೀಗೆ ಆಗದಿದ್ದರೇ ತಪ್ಪು. ನಾವೇ ಬೇಕು ಅಂತ ಡಿಟರ್ಮಿನೆಂಟ್ ಸೊನ್ನೆ ಆಗುವ λ ಆರಿಸಿದ್ದೇವೆ. ಹಾಗಾಗಿ ಒಂದು ಸಾಲು ಇನ್ನೊಂದರ ಅಪವರ್ತ್ಯ ಆಗಿರಲೇಬೇಕು. x = 2y ಸಿಕ್ಕಿತು, y = 1 ಇಟ್ಟರೆ v = (2, 1). ಒಂದೇ ಸಾಲಿನಲ್ಲಿ ತಾಳೆ ನೋಡಬಹುದು: A ಯಿಂದ (2, 1) ಅನ್ನು ಗುಣಿಸಿದರೆ (14 − 4, 4 + 1) = (10, 5), ಅದು 5·(2, 1).

λ = 3 ಕ್ಕೆ ಸಾಲುಗಳು (4, −4) ಮತ್ತು (2, −2). ಎರಡೂ x = y ಅನ್ನುತ್ತವೆ. v = (1, 1).

ಸಾಲುಗಳು ಒಂದಕ್ಕೊಂದು ಹೊಂದದಿದ್ದರೆ ಏನಾಗುತ್ತದೆ ಅನ್ನುವುದನ್ನೂ ನೋಡಿಬಿಡೋಣ. ಉತ್ತರ ಪತ್ರಿಕೆಗಳಲ್ಲಿ ನಾನು ಜಾಸ್ತಿ ಕಾಣುವ ತಪ್ಪು ಡಿಟರ್ಮಿನೆಂಟ್‌ನ ಚಿಹ್ನೆಯದು. −4 ರ ಮೈನಸ್ ಮರೆತು 7 − 8 = −1 ಅಂತ ಬರೆಯುತ್ತಾರೆ. ಆಗ λ² − 8λ − 1 = 0, ಮೂಲಗಳು 4 ± √17. ಇವುಗಳ ಮೊತ್ತವೂ 8 ಆದ್ದರಿಂದ ಟ್ರೇಸ್ ಜೊತೆ ತಾಳೆ ನೋಡಿದರೆ ಈ ತಪ್ಪು ಸಿಕ್ಕಿಬೀಳುವುದಿಲ್ಲ. ಆದರೆ √17 ≈ 4.123 ಇಟ್ಟು λ = 8.123 ಕಳೆದು ನೋಡಿ:

```
| -1.123  -4     |
|  2      -7.123 |
```

ಮೊದಲ ಸಾಲಿನಲ್ಲಿ ಎರಡೂ ಋಣ ಸಂಖ್ಯೆ, ಎರಡನೆಯದರಲ್ಲಿ ಒಂದು ಧನ ಒಂದು ಋಣ. ಒಂದು ಇನ್ನೊಂದರ ಅಪವರ್ತ್ಯ ಆಗಲು ಸಾಧ್ಯವೇ ಇಲ್ಲ. ಎರಡನ್ನೂ ಸೇರಿಸಿ ಬಿಡಿಸಿದರೆ x = 0, y = 0 ಬರುತ್ತದೆ. ಕೆಲವರು ಅದನ್ನೇ ಐಗನ್ ವೆಕ್ಟರ್ (0, 0) ಅಂತ ಬರೆದು ಮುಂದೆ ಹೋಗುತ್ತಾರೆ. ಸೊನ್ನೆ ವೆಕ್ಟರ್ ಯಾವತ್ತೂ ಐಗನ್ ವೆಕ್ಟರ್ ಆಗುವುದಿಲ್ಲ. ಅದು ಬಂತು ಅಂದರೆ λ ತಪ್ಪಾಗಿದೆ ಅಂತಲೇ ಲೆಕ್ಕ. ಆಮೇಲಿನ ಹೆಜ್ಜೆಗಳಲ್ಲಿ ಹುಡುಕುತ್ತಾ ಕೂರದೆ ನೇರವಾಗಿ ಟ್ರೇಸ್, ಡಿಟರ್ಮಿನೆಂಟ್ ಎರಡನ್ನೂ ಮತ್ತೆ ಲೆಕ್ಕ ಹಾಕಿ.

ಸಾಲುಗಳು ಹೊಂದುತ್ತವೆ ಅಂತ ಖಾತ್ರಿಯಾದ ಮೇಲೆ ವೆಕ್ಟರನ್ನು ಬಿಡಿಸುವ ಕೆಲಸವೂ ಇಲ್ಲ, ಸುಮ್ನೆ ಓದಿಕೊಳ್ಳಬಹುದು. ಮೊದಲ ಸಾಲು (a − λ, b) ಆದರೆ ವೆಕ್ಟರ್ (b, λ − a). ನಮ್ಮ ಲೆಕ್ಕದಲ್ಲಿ λ = 5 ಕ್ಕೆ ಇದು (−4, −2) ಕೊಡುತ್ತದೆ. (2, 1) ರ ಜೊತೆ ಜಗಳ ಏನಿಲ್ಲ, −2 ರಿಂದ ಗುಣಿಸಿದ್ದು ಅಷ್ಟೇ. ಐಗನ್ ವೆಕ್ಟರ್‌ನಲ್ಲಿ ದಿಕ್ಕು ಮಾತ್ರ ಮುಖ್ಯ, ಅಳತೆ ನಮ್ಮಿಷ್ಟ.

ಈ ಓದುವಿಕೆ ಒಂದು ಕಡೆ ಕೈಕೊಡುತ್ತದೆ. b ಸೊನ್ನೆಯಾಗಿದ್ದು λ ಕೂಡ a ಗೆ ಸಮ ಆದರೆ ಮೊದಲ ಸಾಲು ಪೂರ್ತಿ ಸೊನ್ನೆ. ಸಾಲುಗಳು (3, 0) ಮತ್ತು (5, 2) ಇರುವ ಮ್ಯಾಟ್ರಿಕ್ಸ್ ತೆಗೆದುಕೊಳ್ಳಿ. ಐಗನ್ ವ್ಯಾಲ್ಯೂಗಳು ಕರ್ಣದಲ್ಲೇ ಕೂತಿವೆ, 3 ಮತ್ತು 2. λ = 3 ಕ್ಕೆ ಮೊದಲ ಸಾಲು (0, 0), ಏನೂ ಹೇಳುವುದಿಲ್ಲ. ಎರಡನೇ ಸಾಲು (5, −1), ಅಲ್ಲಿಂದ v = (1, 5). ಸೊನ್ನೆಯಲ್ಲದ ಸಾಲು ಯಾವುದಿದೆಯೋ ಅದನ್ನು ಹಿಡಿಯಬೇಕು.

ನನಗೆ ತುಂಬಾ ಇಷ್ಟವಾದ ಇನ್ನೊಂದು ದಾರಿಯಿದೆ. ಮತ್ತೆ A ಗೆ ಬನ್ನಿ. A − 3I ನ ಕಂಬಸಾಲುಗಳನ್ನು ನೋಡಿ: (4, 2) ಮತ್ತು (−4, −2). ಎರಡೂ (2, 1) ರ ದಿಕ್ಕಿನಲ್ಲಿವೆ. ಆದರೆ (2, 1) ಸೇರಿದ್ದು 5 ಕ್ಕೆ! ಹಾಗೆಯೇ A − 5I ನ ಕಂಬಸಾಲು (2, 2), ಅದು 3 ರ ವೆಕ್ಟರ್. ಇದು ಕಾಕತಾಳೀಯ ಅಲ್ಲ. ಪ್ರತಿ ಮ್ಯಾಟ್ರಿಕ್ಸ್ ತನ್ನದೇ ಲಾಕ್ಷಣಿಕ ಸಮೀಕರಣವನ್ನು ಪಾಲಿಸುತ್ತದೆ ಅನ್ನುವ ಕೇಲಿ–ಹ್ಯಾಮಿಲ್ಟನ್ ಪ್ರಮೇಯದಿಂದ (A − 5I)(A − 3I) = 0. ಅಂದರೆ A − 3I ನ ಪ್ರತಿ ಕಂಬಸಾಲನ್ನೂ A − 5I ಸೊನ್ನೆ ಮಾಡುತ್ತದೆ. ಸೊನ್ನೆಯಾಗುವ ವೆಕ್ಟರೇ ತಾನೇ ನಾವು ಹುಡುಕುತ್ತಿದ್ದದ್ದು. ಒಂದು ಮೂಲವನ್ನು ಕಳೆದು ಬರೆದ ಮ್ಯಾಟ್ರಿಕ್ಸ್‌ನಲ್ಲಿ ಸಾಲು ಓದಿದರೆ ಅದೇ ಮೂಲದ ವೆಕ್ಟರ್, ಕಂಬಸಾಲು ಓದಿದರೆ ಇನ್ನೊಂದು ಮೂಲದ ವೆಕ್ಟರ್. ಒಂದೇ ಕಳೆಯುವಿಕೆಯಲ್ಲಿ ಎರಡೂ ಸಿಗುತ್ತವೆ. ನಾನು ಒಂದನ್ನು ಸಾಲಿನಿಂದ ತೆಗೆದು, ಇನ್ನೊಂದು ಮ್ಯಾಟ್ರಿಕ್ಸ್‌ನ ಕಂಬಸಾಲಿನಿಂದ ತಾಳೆ ನೋಡುತ್ತೇನೆ.

ಮೂಲಗಳು ಪೂರ್ಣಾಂಕ ಅಲ್ಲದಿದ್ದಾಗ ವರ್ಗಮೂಲವನ್ನು ಕೊನೆಯವರೆಗೂ ಹಾಗೇ ಉಳಿಸಿಕೊಳ್ಳುವುದು ಒಳ್ಳೆಯದು. ಸಾಲುಗಳು (2, 1) ಮತ್ತು (1, 3) ಆದರೆ λ = (5 ± √5)/2. ದೊಡ್ಡದನ್ನು 3.62 ಅಂತ ಮೊಟಕು ಮಾಡಿ ಕಳೆದರೆ ಮೊದಲ ಸಾಲು y = 1.62x ಅನ್ನುತ್ತದೆ, ಎರಡನೆಯದು y ≈ 1.613x ಅನ್ನುತ್ತದೆ. ಇದು ಮೇಲಿನ ಚಿಹ್ನೆ ತಪ್ಪಿನಂಥದ್ದಲ್ಲ. ಎರಡು ಸಾಲೂ ಹತ್ತಿರ ಹತ್ತಿರ ಒಂದೇ ಮಾತು ಹೇಳುತ್ತಿವೆ, ವ್ಯತ್ಯಾಸ ಬಂದಿರುವುದು ಮೊಟಕು ಮಾಡಿದ್ದರಿಂದ. √5 ಉಳಿಸಿಕೊಂಡರೆ v = (1, (1 + √5)/2) ಅಂತ ನೇರ ಬರುತ್ತದೆ.

ಇನ್ನು ಎರಡೂ ಮೂಲ ಒಂದೇ ಆದಾಗ. ಇಲ್ಲಿ ಸ್ವಲ್ಪ ನಿಧಾನಿಸಬೇಕು.

```
B = |  3  1 |
    | -1  1 |
```

ಟ್ರೇಸ್ 4, ಡಿಟರ್ಮಿನೆಂಟ್ 3 + 1 = 4. ಮೂಲ 2 ± √(4 − 4), ಅಂದರೆ 2 ಎರಡು ಸಲ. B − 2I ನ ಸಾಲುಗಳು (1, 1) ಮತ್ತು (−1, −1). ಸಿಗುವ ದಿಕ್ಕು ಒಂದೇ, (1, −1). ಮೂಲ ಎರಡು ಸಲ ಬಂದಿದೆಯಲ್ಲ, ವೆಕ್ಟರೂ ಎರಡು ಇರಬೇಕು ಅಂತ ಹುಡುಕಿದರೆ ಸಿಗುವುದಿಲ್ಲ. ಕಂಬಸಾಲಿನ ಉಪಾಯ ಹಾಕಿದರೂ (1, −1) ಮತ್ತೆ ಅದೇ ಬರುತ್ತದೆ. 2×2 ರಲ್ಲಿ ಮೂಲ ಎರಡು ಸಲ ಬಂದು ಬೇರೆ ಬೇರೆ ದಿಕ್ಕಿನ ಎರಡು ವೆಕ್ಟರ್ ಸಿಗುವುದು ಮ್ಯಾಟ್ರಿಕ್ಸ್ ತಾನೇ 2I ನಂತೆ λI ಆಗಿದ್ದಾಗ ಮಾತ್ರ. ಆಗ ಕಳೆದರೆ ಎಲ್ಲಾ ಸೊನ್ನೆ, ಯಾವ ದಿಕ್ಕಾದರೂ ಸರಿ.

ಅಳತೆಯಿಂದ ಬಂದ ಸಂಖ್ಯೆಗಳ ಜೊತೆ ಕೆಲಸ ಮಾಡುವವರು B ಯಂಥ ಮ್ಯಾಟ್ರಿಕ್ಸ್ ಬಗ್ಗೆ ಎಚ್ಚರವಾಗಿರಬೇಕು. ಕೆಳಗಿನ −1 ಅನ್ನು −0.9999 ಮಾಡಿ. ಡಿಟರ್ಮಿನೆಂಟ್ 3.9999 ಆಗುತ್ತದೆ, m² − p = 0.0001, ಅದರ ವರ್ಗಮೂಲ 0.01. ಮೂಲಗಳು 2.01 ಮತ್ತು 1.99. ಬದಲಾಯಿಸಿದ್ದು ಹತ್ತು ಸಾವಿರದಲ್ಲಿ ಒಂದು ಪಾಲು, ಮೂಲ ಸರಿದದ್ದು ನೂರರಲ್ಲಿ ಒಂದು ಪಾಲು. ವರ್ಗಮೂಲದ ಒಳಗೆ ಸೊನ್ನೆಯ ಹತ್ತಿರ ಇದ್ದರೆ ಹೀಗೇ. −1.0001 ಮಾಡಿದರಂತೂ ಮೂಲಗಳು 2 ± 0.01i, ವಾಸ್ತವ ಸಂಖ್ಯೆಗಳೇ ಅಲ್ಲ. ಹಾಗಾಗಿ m² − p ತುಂಬಾ ಚಿಕ್ಕದಾಗಿ ಬಂದಾಗ ಮೂಲಗಳು ಒಂದೇ, ಬೇರೆ, ಸಂಕೀರ್ಣ ಅಂತ ನಾನು ಏನನ್ನೂ ಖಡಾಖಂಡಿತವಾಗಿ ಹೇಳುವುದಿಲ್ಲ. ಮೊದಲು ಕೊಟ್ಟ ಸಂಖ್ಯೆಗಳು ಎಷ್ಟು ನಿಖರ ಅಂತ ಕೇಳುತ್ತೇನೆ.

ಕೈಯಲ್ಲಿ ಮಾಡಿದ್ದನ್ನು ಕಂಪ್ಯೂಟರ್‌ನಲ್ಲಿ ತಾಳೆ ನೋಡುವವರಿಗೆ ಒಂದು ಮಾತು.

```python
import numpy as np
A = np.array([[7, -4], [2, 1]])
w, V = np.linalg.eig(A)
print(w)
print(V[:, 0], V[:, 1])
```

ಇಲ್ಲಿ ವೆಕ್ಟರ್‌ಗಳು V ಯ ಕಂಬಸಾಲುಗಳಲ್ಲಿರುತ್ತವೆ, ಅದಕ್ಕೇ V[0] ಅಲ್ಲ, V[:, 0]. ಪ್ರತಿಯೊಂದರ ಉದ್ದವನ್ನೂ 1 ಮಾಡಿ ಕೊಡುವುದರಿಂದ (2, 1) ಬದಲು 0.894 ಮತ್ತು 0.447 ಕಾಣುತ್ತದೆ, (1, 1) ಬದಲು 0.707 ಮತ್ತು 0.707. ಎರಡಕ್ಕೂ ಮೈನಸ್ ಬಂದಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ಎರಡು ಸಂಖ್ಯೆಗಳ ಅನುಪಾತ ನೋಡಿ, ಅದು ಹೊಂದಿದರೆ ಸಾಕು. ಮೂಲಗಳು ನೀವು ಬರೆದ ಕ್ರಮದಲ್ಲೇ ಬರುತ್ತವೆ ಅನ್ನುವ ಭರವಸೆಯೂ ಇಲ್ಲ. w ನಲ್ಲಿ ಮೊದಲು ಬಂದದ್ದಕ್ಕೆ ಮೊದಲ ಕಂಬಸಾಲು, ಎರಡನೆಯದಕ್ಕೆ ಎರಡನೆಯದು. B ಯನ್ನು ಕೊಟ್ಟರೂ ಅದು ಎರಡು ಕಂಬಸಾಲು ಕೊಟ್ಟೇ ಕೊಡುತ್ತದೆ. ಆದರೆ ಎರಡೂ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲಿರುತ್ತವೆ. V ಯ ಡಿಟರ್ಮಿನೆಂಟ್ ಸೊನ್ನೆಗೆ ತೀರಾ ಹತ್ತಿರ ಇದ್ದರೆ ಎರಡನೆಯದನ್ನು ಬೇರೆ ವೆಕ್ಟರ್ ಅಂತ ಎಣಿಸಬೇಡಿ.